ಇಳಿಜಾರಿನಲ್ಲಿ ಆಕ್ಸಿಲರೇಟರ್, ಏರಿನಲ್ಲಿ ಬ್ರೇಕ್

2009ರ ಫೆಬ್ರವರಿ. ಪುಲಿಕೇಶಿನಗರದಲ್ಲಿ, ಅಂದ್ರೆ ಹಳಬರ ಬಾಯಲ್ಲಿ ಇನ್ನೂ ಫ್ರೇಜರ್ ಟೌನ್ ಆಗಿಯೇ ಉಳಿದಿರೋ ಏರಿಯಾದಲ್ಲಿ, ಕೋಲ್ಸ್ ಪಾರ್ಕ್ ಹತ್ತಿರ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿಟ್ಟ ಒಂದು ಯುವ ದಂಪತಿಯನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ಕೆಲಸದಲ್ಲಿದ್ದಾರೆ. ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಮುಳುಗಿ ಐದು ತಿಂಗಳಾಗಿದೆ, ಆಫೀಸಿನಲ್ಲಿ ಯಾರ ಕೆಲಸ ಯಾವಾಗ ಹೋಗುತ್ತೋ ಅನ್ನೋ ಗುಸುಗುಸು. ಆದರೆ ಎಸ್‌ಬಿಐ ಮೊದಲ ವರ್ಷಕ್ಕೆ ಶೇ 8ರ ಬಡ್ಡಿಯಲ್ಲಿ ಗೃಹಸಾಲ ಕೊಡ್ತೀನಿ ಅಂತ ಆಗಷ್ಟೇ ಘೋಷಿಸಿದೆ, ಬೇರೆ ಬ್ಯಾಂಕುಗಳೂ ಪೈಪೋಟಿಗೆ ಇಳಿದಿವೆ. ನಮ್ಮ ದಂಪತಿ ಧೈರ್ಯ ಮಾಡಿ 30 ಲಕ್ಷ ತಗೋತಾರೆ. 20 ವರ್ಷದ ಅವಧಿ. ಇಎಂಐ 25,093 ರೂಪಾಯಿ.

ಒಂದು ವರ್ಷ ಕಟ್ಟಿದ ಮೇಲೆ ಅಸಲು ಸುಮಾರು 29 ಲಕ್ಷ 37 ಸಾವಿರ ಉಳಿದಿರುತ್ತೆ. ಈಗ ಬಡ್ಡಿ ಶೇ 10.5ಕ್ಕೆ ಹೋಯ್ತು ಅಂದುಕೊಳ್ಳಿ. ಆ ಅಸಲಿಗೆ ತಿಂಗಳ ಬಡ್ಡಿಯೇ ಸುಮಾರು 25,700 ರೂಪಾಯಿ! ಅಂದರೆ ಹಳೇ ಇಎಂಐ ಪೂರ್ತಿ ಕಟ್ಟಿದರೂ ಬಡ್ಡಿ ತೀರಲ್ಲ, ಸಾಲ ಕರಗೋ ಬದಲು ಬೆಳೆಯುತ್ತೆ. ಬ್ಯಾಂಕ್ ಅವಧಿ ಎಳೆದು ಸುಧಾರಿಸೋ ಸ್ಥಿತಿಯೂ ದಾಟಿಹೋಯ್ತು, ಇಎಂಐ ಏರಿಸಲೇಬೇಕು. 2011ರ ಕೊನೆಯ ಹೊತ್ತಿಗೆ ಬಹಳಷ್ಟು ಗೃಹಸಾಲಗಳು ಇದೇ ಮಟ್ಟದಲ್ಲಿ, ಇಲ್ಲವೇ ಅದಕ್ಕೂ ಮೇಲಿದ್ದವು.

ಕಷ್ಟದ ಕಾಲದಲ್ಲಿ ಸಾಲ ಅಗ್ಗ, ಸುಖದ ಕಾಲದಲ್ಲಿ ತುಟ್ಟಿ ಆಗಿದ್ದರೆ ಅದು ಸರಿಯಾದ ನೀತಿಯೇ. ಆದರೆ ಆದದ್ದು ಹಾಗಲ್ಲ. ಸಾಲ ಅತ್ಯಂತ ಅಗ್ಗವಾಗಿದ್ದ ದಿನಗಳ ಕೊನೆಯ ಭಾಗದಲ್ಲಿ ದೇಶದ ಆರ್ಥಿಕತೆ ಜೋರಾಗಿ ಓಡ್ತಿತ್ತು. ಸಾಲ ಅತ್ಯಂತ ತುಟ್ಟಿಯಾದಾಗ ಅದಾಗಲೇ ಏದುಸಿರು ಬಿಡ್ತಿತ್ತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ದಡ್ಡತನವೂ ಅಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಹಳೆಯದೊಂದು ವಿವರಣೆ ಇದೆ: ವಿಳಂಬ. ಅದರಲ್ಲಿ ಎರಡು ಬಗೆ. ಸಮಸ್ಯೆ ಶುರುವಾದ ಕ್ಷಣದಿಂದ ನಿರ್ಧಾರ ಹೊರಬೀಳೋ ತನಕ ಕಳೆಯುವ ಹೊತ್ತು ಒಳ ವಿಳಂಬ. ನಿರ್ಧಾರ ಹೊರಬಿದ್ದ ಮೇಲೆ ಅದು ನಿಮ್ಮ ನಮ್ಮ ಖರ್ಚಿಗೆ, ಸಂಬಳಕ್ಕೆ, ಬೆಲೆಗಳಿಗೆ ತಟ್ಟೋ ತನಕ ಕಳೆಯುವ ಹೊತ್ತು ಹೊರ ವಿಳಂಬ.

ಇಳಿಸುವಾಗ ರಿಸರ್ವ್ ಬ್ಯಾಂಕ್ ತಡ ಮಾಡಲಿಲ್ಲ. ಬ್ಯಾಂಕುಗಳಿಗೆ ಅದು ಅಲ್ಪಾವಧಿಗೆ ಕೊಡುವ ಸಾಲದ ಬಡ್ಡಿಯಾದ ರೆಪೋ ದರ 2008ರ ಅಕ್ಟೋಬರ್ ಶುರುವಿನಲ್ಲಿ ಶೇ 9 ಇತ್ತು. ಗವರ್ನರ್ ಆಗಿ ಡಿ. ಸುಬ್ಬರಾವ್ ಬಂದು ಒಂದೂವರೆ ತಿಂಗಳೂ ತುಂಬಿರಲಿಲ್ಲ, ಕಡಿತ ಶುರುವಾಯ್ತು. 2009ರ ಏಪ್ರಿಲ್ ಹೊತ್ತಿಗೆ ರೆಪೋ ಶೇ 4.75. ಆರು ತಿಂಗಳಲ್ಲಿ ಹತ್ತಿರಹತ್ತಿರ ಅರ್ಧ. ಸರ್ಕಾರವೂ ಅಷ್ಟೇ ಚುರುಕು. 2008ರ ಡಿಸೆಂಬರ್ 7ರ ಭಾನುವಾರ ಮೊದಲ ಪ್ಯಾಕೇಜ್ ಘೋಷಿಸಿ, ಅಬಕಾರಿ ಸುಂಕವನ್ನು ಶೇಕಡಾ ನಾಲ್ಕು ಅಂಶ ಕಡಿತ ಮಾಡಿತು. ಇಲ್ಲಿ ಅಬಕಾರಿ ಅಂದ್ರೆ ಹೆಂಡದ ತೆರಿಗೆ ಅಲ್ಲ, ಜಿಎಸ್‌ಟಿಗೆ ಮುಂಚೆ ಕಾರ್ಖಾನೆಯಲ್ಲಿ ತಯಾರಾದ ಎಲ್ಲ ಸರಕಿನ ಮೇಲೂ ಬೀಳ್ತಿದ್ದ ಕೇಂದ್ರದ ಸುಂಕ. ಎರಡು ತಿಂಗಳು ಕಳೆದು ಇನ್ನೆರಡು ಅಂಶ ಇಳಿಸಿ ಮುಖ್ಯ ದರವನ್ನು 8ಕ್ಕೆ ತಂದರು, ಸೇವಾ ತೆರಿಗೆಯನ್ನೂ 12ರಿಂದ 10ಕ್ಕೆ ಇಳಿಸಿದರು.

ಆ ಪ್ಯಾಕೇಜುಗಳ ಜೊತೆಗೆ ಇನ್ನೂ ದೊಡ್ಡ ಎರಡು ಖರ್ಚು ಆಗಲೇ ದಾರಿಯಲ್ಲಿದ್ದವು: ರೈತರ ಸಾಲ ಮನ್ನಾ, ಮತ್ತು ಆರನೇ ವೇತನ ಆಯೋಗ. ಮನ್ನಾ ಘೋಷಣೆಯಾದದ್ದು 2008ರ ಫೆಬ್ರವರಿಯ ಬಜೆಟ್‌ನಲ್ಲಿ. ವೇತನ ಆಯೋಗಕ್ಕೆ ಸಂಪುಟ ಒಪ್ಪಿದ್ದು ಆಗಸ್ಟ್‌ನಲ್ಲಿ, ಲೇಮನ್ ಮುಳುಗೋಕೆ ಒಂದು ತಿಂಗಳ ಮುಂಚೆ. ಎರಡಕ್ಕೂ ಬಿಕ್ಕಟ್ಟಿಗೂ ಸಂಬಂಧವೇ ಇರಲಿಲ್ಲ. ಆದರೂ ಹಣ ಕೈಗೆ ಬಂದದ್ದು ಸರಿಯಾಗಿ ಜನ ಖರ್ಚು ಹಿಡಿದಿಟ್ಟ ಹೊತ್ತಿಗೆ. ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯಗಳಲ್ಲಿ ಕೆಲಸ ಮಾಡೋ ಕೇಂದ್ರ ನೌಕರರಿಗೆ ಬಾಕಿಯ ಶೇ 40 ಮೊದಲ ಆರ್ಥಿಕ ವರ್ಷದಲ್ಲಿ, ಉಳಿದ ಶೇ 60 ಮುಂದಿನ ವರ್ಷ. ನನ್ನ ಲೆಕ್ಕದಲ್ಲಿ ಆ ವರ್ಷ ಭಾರತ ಬಚಾವಾದದ್ದರಲ್ಲಿ ಬುದ್ಧಿವಂತಿಕೆಯ ಪಾಲಿನಷ್ಟೇ ಅದೃಷ್ಟದ ಪಾಲೂ ಇತ್ತು. ಆದರೆ ಗಮನಿಸಿ, ಎರಡನೇ ಕಂತು, ದೊಡ್ಡ ಕಂತು, ಬಂದದ್ದು 2009-10ರಲ್ಲಿ.

ಇನ್ನು ಕೆಲವು ಖರ್ಚುಗಳ ಸ್ವಭಾವವೇ ನಿಧಾನ. 2009ರ ಜನವರಿಯ ಎರಡನೇ ಪ್ಯಾಕೇಜ್‌ನಲ್ಲಿ ನಗರಗಳಿಗೆ ಬಸ್ ಕೊಳ್ಳೋಕೆ ಜೆನರ್ಮ್ ಯೋಜನೆಯಲ್ಲಿ ಹಣ ಕೊಡ್ತೀವಿ ಅಂದರು. ನಮ್ಮ ಬಿಎಂಟಿಸಿಗೂ ಅದರಲ್ಲಿ ಬಸ್ ಬಂದವು, ನೀವು ಆಗ ಕಾಲೇಜಿನಲ್ಲಿದ್ದರೆ ಓಡಾಡಿಯೂ ಇರ್ತೀರಿ. ಆದರೆ ಘೋಷಣೆಯ ದಿನ ಬಸ್ ಹುಟ್ಟಲ್ಲ. ಪ್ರಸ್ತಾವ ಹೋಗಬೇಕು, ಮಂಜೂರಾತಿ ಬರಬೇಕು, ಟೆಂಡರ್ ಕರೀಬೇಕು, ಕಂಪನಿ ಷಾಸಿ ಕಟ್ಟಬೇಕು, ಬಾಡಿ ಕೂರಿಸಬೇಕು, ಆಮೇಲೆ ನೋಂದಣಿ. ಕಾರ್ಖಾನೆಯ ಕೆಲಸಗಾರನಿಗೆ ಓವರ್‌ಟೈಮ್ ಸಿಗೋದು ಘೋಷಣೆಯಾಗಿ ಎಷ್ಟೋ ತಿಂಗಳ ಮೇಲೆ. ಬಸ್ಸಿನ ಮಟ್ಟಿಗೆ ತಡವಾದರೂ ನಷ್ಟ ಇಲ್ಲ ಅನ್ನಿ, ಬಸ್ ಯಾವತ್ತು ಬಂದರೂ ಬಸ್ಸೇ. ಪುಲಿಕೇಶಿನಗರವೇ ಅದಕ್ಕೆ ಸಾಕ್ಷಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ, ಕಿಕ್ಕಿರಿದ ದಂಡು ಪ್ರದೇಶದಿಂದ ಜನರನ್ನು ಹೊರಗೆ ಹರಡಬೇಕು ಅಂತ ಎದ್ದ ಬಡಾವಣೆ ಇದು, ಎದ್ದದ್ದು ಸುಮಾರು ಒಂದು ದಶಕ ಕಳೆದು. ಆ ಪ್ಲೇಗಿಗೆ ಉಪಯೋಗ ಆಗಲಿಲ್ಲ, ಆದರೂ ಅಗಲ ರಸ್ತೆ, ಗಾಳಿ ಬೆಳಕಿನ ಮನೆಗಳು ಇವತ್ತಿಗೂ ಇವೆ. ಬೇಡಿಕೆ ಎಬ್ಬಿಸೋ ಹಣ ಹಾಗಲ್ಲ. ಬೇಡಿಕೆ ಬಿದ್ದಾಗ ಬಂದರೆ ಆಸರೆ, ಎದ್ದ ಮೇಲೆ ಬಂದರೆ ಅದೇ ಹಣ ಬೆಲೆ ಏರಿಸುತ್ತೆ. ಬಸ್ಸು ತಡವಾಗಿಯೂ ಒಳ್ಳೆಯದಾಗಬಹುದು, ಅದನ್ನು ಕೊಂಡ ಹಣ ತಡವಾಗಿ ಕೆಟ್ಟದ್ದಾಗಬಹುದು.

ರೆಪೋ ಇಳಿಕೆಯ ಕಥೆ ಇದಕ್ಕೆ ತಿರುಗುಮುರುಗು. ಗವರ್ನರ್ ಸಹಿ ಹಾಕಿದ ದಿನವೇ ದರ ಜಾರಿ, ಟೆಂಡರ್ ಗಿಂಡರ್ ಏನೂ ಬೇಡ. ಆದರೆ ಆಮೇಲೆ ನಡೀಬೇಕಾದ ದಾರಿ ಉದ್ದ. ಕೋಲ್ಸ್ ರಸ್ತೆಯ ನಿವೃತ್ತ ಮೇಷ್ಟ್ರೊಬ್ಬರು 2008ರ ಅಕ್ಟೋಬರ್‌ನಲ್ಲಿ ಎರಡು ವರ್ಷಕ್ಕೆ ಶೇ 10ರ ಎಫ್‌ಡಿ ಇಟ್ಟಿದ್ದಾರೆ ಅಂದುಕೊಳ್ಳಿ. ರೆಪೋ ಎಷ್ಟೇ ಇಳಿಯಲಿ, 2010ರ ಅಕ್ಟೋಬರ್ ತನಕ ಬ್ಯಾಂಕ್ ಅವರಿಗೆ ಹತ್ತು ಕೊಡಲೇಬೇಕು. ಇಂಥ ಲಕ್ಷಾಂತರ ಎಫ್‌ಡಿಗಳೇ ಬ್ಯಾಂಕಿನ ಬಂಡವಾಳ. ಬ್ಯಾಂಕ್ ತಾನೇ ಹತ್ತು ಕೊಡ್ತಾ ಹಳೇ ಸಾಲಗಾರರಿಗೆ ಎಂಟಕ್ಕೆ ಸಾಲ ಕೊಡಲ್ಲ. ಹಳೇ ಎಫ್‌ಡಿಗಳು ಒಂದೊಂದೇ ಮುಗೀತಾ ಹೋದ ಹಾಗೆ ಸಾಲದ ಬಡ್ಡಿ ಮೆಲ್ಲಗೆ ಇಳಿಯುತ್ತೆ. ಆಗ ಕಾರು ಕೊಳ್ಳೋಣ ಅನ್ನೋ ಯೋಚನೆ ಬರುತ್ತೆ, ಶೋರೂಮ್‌ಗೆ ಓಡಾಟ ಆಗುತ್ತೆ, ಡೀಲರ್ ಸ್ಟಾಕ್ ಖಾಲಿಯಾಗುತ್ತೆ, ಕಾರ್ಖಾನೆ ಎರಡನೇ ಶಿಫ್ಟ್ ಶುರು ಮಾಡುತ್ತೆ. ಕೊನೆಗೆ ಬೆಲೆ ಏರುತ್ತೆ. ದರದ ಬದಲಾವಣೆ ಉತ್ಪಾದನೆಗೆ ತಟ್ಟೋಕೆ ಎರಡು ಮೂರು ತ್ರೈಮಾಸಿಕ, ಬೆಲೆಗಳಿಗೆ ತಟ್ಟೋಕೆ ಅದಕ್ಕೂ ಹೆಚ್ಚು ಅನ್ನೋದು ಸಾಮಾನ್ಯ ಅಂದಾಜು. ಅದೂ ಪ್ರತಿ ಸಲ ಒಂದೇ ಥರ ಇರಲ್ಲ, ತಲೆನೋವು ಇರೋದೇ ಅಲ್ಲಿ.

ಆ ಲೆಕ್ಕದಲ್ಲಿ 2009ರ ಏಪ್ರಿಲ್‌ನ ಕೊನೇ ಕಡಿತ ಮೈಗೆ ಹತ್ತೋದು 2010ರ ಆಸುಪಾಸಿಗೆ. ಅಷ್ಟರಲ್ಲಿ ಏನಾಗಿತ್ತು? 2009-10ರಲ್ಲಿ ದೇಶದ ಕಾರು ಮಾರಾಟ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಹೆಚ್ಚಿತ್ತು. 2010ರ ಜನವರಿ-ಮಾರ್ಚ್‌ನಲ್ಲಿ ಜಿಡಿಪಿ ಬೆಳವಣಿಗೆ ಶೇ 8.6 ಅಂತ ವರದಿಯಾಯ್ತು. 2009ರ ಮಧ್ಯದಲ್ಲಿ ಸೊನ್ನೆಗಿಂತ ಕೆಳಗಿದ್ದ ಸಗಟು ಹಣದುಬ್ಬರ 2010ರ ಮಾರ್ಚ್ ಹೊತ್ತಿಗೆ ಶೇ 10ರ ಹತ್ತಿರ ಬಂದಿತ್ತು. ಆದರೆ ರೆಪೋ ಇನ್ನೂ 4.75. ಬೆಲೆ ಹತ್ತು ಏರ್ತಿರೋವಾಗ ಐದಕ್ಕೂ ಕಮ್ಮಿ ಬಡ್ಡಿ. ಕಾರು ಇಳಿಜಾರಿಗೆ ಬಂದಿದೆ, ಕಾಲು ಇನ್ನೂ ಆಕ್ಸಿಲರೇಟರ್ ಮೇಲೇ ಇದೆ.

ಮೊದಲ ಏರಿಕೆ ಬಂದದ್ದು 2010ರ ಮಾರ್ಚ್ 19ಕ್ಕೆ, ಬರೀ ಕಾಲು ಅಂಶ. ಆಮೇಲೂ ಕಾಲು, ಮತ್ತೆ ಕಾಲು. 2010ರಲ್ಲಿ ಆರು ಸಲ ಏರಿಸಿ ಒಟ್ಟು ಒಂದೂವರೆ ಅಂಶ ಮೇಲೆ ಹೋದರು. ಹಣದುಬ್ಬರ ಜಗ್ಗಲಿಲ್ಲ. 2011ರಲ್ಲಿ ಏಳು ಸಲ ಏರಿಸಿ ಎರಡೂಕಾಲು ಅಂಶ, ಅದರಲ್ಲಿ ಎರಡು ಸಲ ಒಟ್ಟೊಟ್ಟಿಗೆ ಅರ್ಧ ಅರ್ಧ. ಅಕ್ಟೋಬರ್ 25ರಂದು ಶೇ 8.5 ಮುಟ್ಟಿ ನಿಂತರು. ಈ ಎರಡು ವರ್ಷವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಆರ್ಥಿಕತೆ ಜೋರಾಗಿ ಓಡ್ತಿದ್ದ ವರ್ಷ ಬ್ರೇಕ್ ಮೆಲ್ಲಗೆ, ಅದು ತಾನಾಗಿಯೇ ನಿಧಾನ ಆಗ್ತಿದ್ದ ವರ್ಷ ಬ್ರೇಕ್ ಜೋರು. 2010ರ ಏರಿಕೆಗಳ ಪೂರ್ತಿ ಪರಿಣಾಮ ಇನ್ನೂ ದಾರಿಯಲ್ಲಿರೋವಾಗಲೇ 2011ರ ಏರಿಕೆಗಳು ಅದರ ಮೇಲೆ ಪೇರಿಸಿಕೊಂಡವು. 2012ರ ಜನವರಿ-ಮಾರ್ಚ್‌ನಲ್ಲಿ ಬೆಳವಣಿಗೆ ಶೇ 5.3ಕ್ಕೆ ಕುಸಿದಿದೆ ಅಂತ ಮೇ 31ಕ್ಕೆ ಅಂಕಿ ಬಂದಾಗ ದೇಶ ಬೆಚ್ಚಿತು. ಅದಕ್ಕೂ ಎರಡು ತಿಂಗಳ ಹಿಂದೆ, ಮಾರ್ಚ್‌ನ ಬಜೆಟ್‌ನಲ್ಲಿ, ಕೊರತೆ ತುಂಬೋಕೆ ಅಂತ ಅಬಕಾರಿ ಸುಂಕವನ್ನೂ ಸೇವಾ ತೆರಿಗೆಯನ್ನೂ 12ಕ್ಕೆ ಏರಿಸಿದ್ದರು. ರಿಪೇರಿಗೆ ಅಂತ ಇಳಿಸಿದ ಸುಂಕ ಮತ್ತೆ ಏರಿದ್ದು ಎರಡನೇ ಸಲ ರಿಪೇರಿ ಬೇಕಾದ ಹೊತ್ತಿಗೆ!

ತಡವಾಗಿ ಶುರು ಮಾಡಿದ್ದಕ್ಕೆ ಕಾರಣ ಒಳ ವಿಳಂಬದ ಮೊದಲ ಹೆಜ್ಜೆ: ಏನಾಗ್ತಿದೆ ಅನ್ನೋದೇ ಗೊತ್ತಾಗದಿರೋದು. ತ್ರೈಮಾಸಿಕದ ಜಿಡಿಪಿ ಅಂಕಿ ಬರೋದು ಆ ತ್ರೈಮಾಸಿಕ ಮುಗಿದು ಎರಡು ತಿಂಗಳಿಗೆ. ಬಂದದ್ದೂ ಕೊನೆಯದಲ್ಲ, ಪರಿಷ್ಕರಣೆ ಆಗ್ತಾನೇ ಇರುತ್ತೆ. 2010-11ರ ಬೆಳವಣಿಗೆಯನ್ನು 2011ರ ಫೆಬ್ರವರಿಯಲ್ಲಿ ಶೇ 8.6 ಅಂತ ಅಂದಾಜಿಸಿದ್ದರು. 2013ರ ಜನವರಿಯ ಪರಿಷ್ಕರಣೆಯಲ್ಲಿ ಅದು 9.3 ಆಯ್ತು. ಅಂದರೆ ಎಂಜಿನ್ ಎಷ್ಟು ಕಾದಿತ್ತು ಅನ್ನೋದು ಗೊತ್ತಾದದ್ದು ಗಾಡಿ ಮನೆ ಮುಟ್ಟಿದ ಮೇಲೆ. ನಿವೃತ್ತಿಗೆ ಕೆಲವೇ ದಿನ ಮುಂಚೆ, 2013ರ ಆಗಸ್ಟ್‌ನಲ್ಲಿ ಮುಂಬೈನ ಪಾಲ್ಖಿವಾಲಾ ಸ್ಮಾರಕ ಉಪನ್ಯಾಸದಲ್ಲಿ ಸುಬ್ಬರಾವ್ ಇದನ್ನೇ ವಿವರಿಸಿದರು. ಬಿಗಿ ಮಾಡೋದನ್ನು ಇನ್ನೂ ಬೇಗ ಶುರು ಮಾಡಿ, ಇನ್ನೂ ವೇಗವಾಗಿ ಮಾಡಿದ್ದರೆ ಒಳ್ಳೇದಿತ್ತು ಅಂತ ಒಪ್ಪಿಕೊಂಡು, ನಿರ್ಧಾರ ತಗೊಳ್ಳೋವಾಗ ಕೈಯಲ್ಲಿದ್ದ ಅಂಕಿಗಳು ಬೇರೆ ಚಿತ್ರ ತೋರಿಸ್ತಿದ್ದವು ಅನ್ನೋದನ್ನೂ ಹೇಳಿದರು. ಅಷ್ಟು ದೊಡ್ಡ ಹುದ್ದೆಯಲ್ಲಿ ಕೂತವರು ಹಾಗೆ ಒಪ್ಪಿಕೊಳ್ಳೋದು ಅಪರೂಪ, ಅದಕ್ಕೇ ನನಗೆ ಆ ಭಾಷಣ ಇಷ್ಟ.

ಅಂಕಿಗಳ ಮಾತು ಬಂದಾಗ ಸಕ್ಕರೆ ಕಥೆ ಬಿಡೋ ಹಾಗಿಲ್ಲ. 2012ರ ಮಾರ್ಚ್ ಮಧ್ಯದಲ್ಲಿ, ಜನವರಿ ತಿಂಗಳ ಕೈಗಾರಿಕಾ ಉತ್ಪಾದನೆ ಶೇ 6.8 ಬೆಳೆದಿದೆ ಅಂತ ಸರ್ಕಾರಿ ಅಂಕಿ ಬಂತು. ಪರವಾಗಿಲ್ಲ, ಚೇತರಿಸ್ಕೊಂಡಿದೆ ಅಂತ ಎಲ್ಲರೂ ಉಸಿರು ಬಿಟ್ಟರು. ಒಂದು ತಿಂಗಳ ಮೇಲೆ ತಿದ್ದುಪಡಿ: 6.8 ಅಲ್ಲ, 1.1. ಸಕ್ಕರೆ ಉತ್ಪಾದನೆ 58 ಲಕ್ಷ ಟನ್ ಅಂತ ಇರಬೇಕಾದಲ್ಲಿ 134 ಲಕ್ಷ ಟನ್ ಅಂತ ಸೇರಿಹೋಗಿತ್ತು. ಮಂಡ್ಯದ ಯಾವ ಕಬ್ಬು ಬೆಳೆಗಾರರನ್ನು ಕೇಳಿದ್ದರೂ ಒಂದೇ ತಿಂಗಳಲ್ಲಿ ಅಷ್ಟು ಸಕ್ಕರೆ ಎಲ್ಲಿಂದ ಬರುತ್ತೆ ಸ್ವಾಮಿ ಅಂತಿದ್ದರೇನೋ. ತಿದ್ದುಪಡಿ ಬಂದದ್ದು ಏಪ್ರಿಲ್ 12ಕ್ಕೆ. ರಿಸರ್ವ್ ಬ್ಯಾಂಕ್ ಮೂರು ವರ್ಷಗಳಲ್ಲಿ ಮೊದಲ ಸಲ ರೆಪೋ ಇಳಿಸಿದ್ದು ಏಪ್ರಿಲ್ 17ಕ್ಕೆ, ಅರ್ಧ ಅಂಶ. ಒಂದು ತಪ್ಪು ಅಂಕಿಯೇ ಎಲ್ಲವನ್ನೂ ತಡೆದಿತ್ತು ಅಂತ ನಾನು ಹೇಳಲ್ಲ. ಆದರೆ ಕಿಟಕಿ ಗಾಜಿನ ಮೇಲೆ ಇಷ್ಟು ಮಂಜಿರೋವಾಗ ಗಾಡಿ ಓಡಿಸಬೇಕು ಅನ್ನೋದು ಇದರಿಂದ ಗೊತ್ತಾಗುತ್ತೆ.

ಸದುದ್ದೇಶದ ನೀತಿ ಅಲುಗಾಟವನ್ನು ಹೆಚ್ಚಿಸೋದು ಹೇಗೆ ಅನ್ನೋದನ್ನು ಮಿಲ್ಟನ್ ಫ್ರೀಡ್‌ಮನ್ 1950ರ ದಶಕದ ಶುರುವಿನಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಸುಲಭದ ಅಂಕಿಗಳಲ್ಲಿ ನೋಡೋಣ. ನೀತಿ ಏನೂ ಮಾಡದಿದ್ದರೆ ಬೇಡಿಕೆ ಒಂದು ವರ್ಷ ಇರಬೇಕಾದ್ದಕ್ಕಿಂತ 2 ಕೆಳಗೆ, ಮುಂದಿನ ವರ್ಷ 2 ಮೇಲೆ ಇರುತ್ತೆ ಅಂದುಕೊಳ್ಳಿ. ಮೊದಲ ವರ್ಷವೇ 2ರಷ್ಟು ಆಸರೆ ಕೊಟ್ಟರೆ ತಗ್ಗು ತುಂಬಿ ಸೊನ್ನೆ ಆಗುತ್ತೆ. ಅದೇ ಆಸರೆ ಒಂದು ವರ್ಷ ತಡವಾಗಿ ಬಂದರೆ? ಮೊದಲ ವರ್ಷ 2 ಕೆಳಗೇ ಇರುತ್ತೆ, ಎರಡನೇ ವರ್ಷ 2ರ ಜೊತೆ ಇನ್ನೆರಡು ಸೇರಿ 4 ಮೇಲೆ. ತಗ್ಗು ಹಾಗೇ ಇದೆ, ದಿಬ್ಬ ಎರಡರಷ್ಟಾಗಿದೆ. ಆ ದಿಬ್ಬ ನೋಡಿ ಗಾಬರಿಯಾಗಿ 4ರಷ್ಟು ಬ್ರೇಕ್ ಹಾಕಿದಿರಿ, ಅದೂ ಒಂದು ವರ್ಷ ತಡ, ಆ ಹೊತ್ತಿಗೆ ಬೇಡಿಕೆ ತಾನಾಗಿ 2 ಕೆಳಗಿದೆ. ಈಗ ತಗ್ಗು 6. ತಪ್ಪು ದಿಕ್ಕಿನ ಔಷಧಿ ಯಾವಾಗಲೂ ಕೊಡಲಿಲ್ಲ, ಡೋಸ್ ಕೂಡ ಪ್ರತಿ ಸಲ ಕಣ್ಣಿಗೆ ಕಂಡ ರೋಗಕ್ಕೆ ಸರಿಯಾಗೇ ಇತ್ತು. ಹೊತ್ತು ಮಾತ್ರ ತಪ್ಪಿತು.

ಫ್ರೀಡ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೀತಿಯ ಏರಿಳಿತದ ಬಲ ಆರ್ಥಿಕತೆಯ ಏರಿಳಿತದಷ್ಟೇ ಇದ್ದರೆ, ಅವೆರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸಾಕಷ್ಟು ಗಟ್ಟಿಯಾಗಿ ನಡೀಬೇಕು, ಸಹಸಂಬಂಧ ಮೈನಸ್ 0.5ಕ್ಕಿಂತ ಆಚೆ ಇರಬೇಕು. ಇಲ್ಲದಿದ್ದರೆ ಸುಮ್ಮನಿದ್ದದ್ದಕ್ಕಿಂತ ಅಲುಗಾಟ ಜಾಸ್ತಿಯೇ. ನೀತಿಯ ಬಲ ಅರ್ಧಕ್ಕೆ ಇಳಿಸಿದರೆ ಮೈನಸ್ 0.25 ದಾಟಿದರೂ ಸಾಕು. ಅಂದರೆ ನಿಮ್ಮ ಗಡಿಯಾರದ ಮೇಲೆ ನಂಬಿಕೆ ಕಮ್ಮಿ ಇದ್ದಷ್ಟೂ ಡೋಸ್ ಸಣ್ಣದಿರಬೇಕು. ಹಾಗಾದರೆ 2010ರ ಕಾಲು ಕಾಲು ಅಂಶದ ಏರಿಕೆ ಸರಿಯೇ ಇತ್ತಲ್ಲ ಅಂತ ಕೇಳಬಹುದು. ಅಲ್ಲೇ ಸಿಕ್ಕು ಇರೋದು. ಸಣ್ಣ ಹೆಜ್ಜೆ ಇಡೋರು ಬೇಗ ಹೊರಡಬೇಕು. ಇಳಿಸುವಾಗ ಓಡೋಡಿ ಇಳಿಸಿ, ಏರಿಸುವಾಗ ತಡವಾಗಿ ಹೊರಟು ಸಣ್ಣ ಹೆಜ್ಜೆ ಇಟ್ಟರೆ, ಉಳಿದ ದೂರವನ್ನು ಕೊನೆಯಲ್ಲಿ ಧಾವಿಸಬೇಕಾಗುತ್ತೆ. 2011ರಲ್ಲಿ ಆದದ್ದು ಅದು.

ಎಲ್ಲಾ ತಪ್ಪನ್ನೂ ವಿಳಂಬದ ತಲೆಗೆ ಕಟ್ಟೋದೂ ನ್ಯಾಯವಲ್ಲ. 2009ರ ಬರಗಾಲ ಆಹಾರದ ಬೆಲೆ ಏರಿಸಿತ್ತು, ಕಚ್ಚಾ ತೈಲ ತುಟ್ಟಿಯಾಗಿತ್ತು, 2011ರಲ್ಲಿ ಯೂರೋಪಿನ ಸಾಲದ ಬಿಕ್ಕಟ್ಟು, ದೆಹಲಿಯಲ್ಲಿ ಹಗರಣಗಳ ನಡುವೆ ಕಡತಗಳು ಅಲುಗಾಡದ ಸ್ಥಿತಿ. ಇವು ರೆಪೋ ಕೈಗೆ ಸಿಗೋವಂಥವಲ್ಲ. ಸುಮ್ಮನಿರಬೇಕಿತ್ತು ಅನ್ನೋದೂ ನನ್ನ ವಾದವಲ್ಲ. 2008ರ ಕೊನೆಯಲ್ಲಿ ಹಣ ಹರಿಸದೆ ಇದ್ದಿದ್ದರೆ ಬ್ಯಾಂಕುಗಳ ನಡುವಿನ ಸಾಲವೇ ನಿಂತುಹೋಗ್ತಿತ್ತು. ಎಡವಿದ್ದು ಹಾಕಿದ್ದರಲ್ಲಿ ಅಲ್ಲ, ವಾಪಸ್ ತೆಗೆಯೋದರಲ್ಲಿ. ಕೇಂದ್ರದ ವಿತ್ತೀಯ ಕೊರತೆ 2007-08ರಲ್ಲಿ ಜಿಡಿಪಿಯ ಶೇ 2.5ರಷ್ಟು ಇದ್ದದ್ದು 2009-10ರಲ್ಲಿ 6.5ರ ಹತ್ತಿರ ಹೋಯ್ತು. ಒಮ್ಮೆ ಕೊಟ್ಟ ಸಂಬಳ ಹಿಂದಕ್ಕೆ ತಗೊಳ್ಳೋಕಾಗುತ್ತಾ? ಇಳಿಸಿದ ತೆರಿಗೆ ಏರಿಸೋಕೆ ಎಷ್ಟು ಮಂದಿ ಒಪ್ತಾರೆ? ಅದಕ್ಕೇ ತಾನಾಗಿ ಏರಿ ತಾನಾಗಿ ಇಳಿಯೋ ಖರ್ಚುಗಳಿಗೆ ಬೆಲೆ. ಊರಲ್ಲಿ ಕೂಲಿ ಸಿಗದಿದ್ದಾಗ ನರೇಗಾ ಕೆಲಸ ಕೇಳೋರು ಹೆಚ್ಚುತ್ತಿದ್ದರು, ಕೂಲಿ ಸಿಕ್ಕಾಗ ಕಮ್ಮಿಯಾಗ್ತಿದ್ದರು. ಅಂಕಿಗಾಗಿ ಕಾಯೋದೂ ಬೇಡ, ಸಭೆಯೂ ಬೇಡ.

ಹೊರ ವಿಳಂಬದ ಒಂದು ತುಂಡನ್ನು ಆಮೇಲೆ ಕತ್ತರಿಸಿದ್ದಾರೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡೋ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೋ ಥರದ ಹೊರಗಿನ ಮಾನದಂಡಕ್ಕೆ ಕಟ್ಟಲೇಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ದರ ಬದಲಿಸಬೇಕು. ಮೇಷ್ಟ್ರ ಎಫ್‌ಡಿ ಮುಗಿಯೋ ತನಕ ಕಾಯೋ ಕಾಲ ಹೋಯ್ತು. ಪರಿಣಾಮ ಏನು ಅನ್ನೋದನ್ನು ನಿಮ್ಮಲ್ಲಿ ಹಲವರು ಅನುಭವಿಸಿದ್ದೀರಿ. ಕೋವಿಡ್ ಕಾಲದಲ್ಲಿ ಶೇ 4ಕ್ಕೆ ಇಳಿದ ರೆಪೋ ಎರಡು ವರ್ಷ ಅಲ್ಲೇ ಇದ್ದು, 2022ರ ಮೇ 4ರಂದು ದಿಢೀರ್ ಏರಿಕೆ ಶುರುವಾಗಿ, 2023ರ ಫೆಬ್ರವರಿಗೆ 6.5 ಮುಟ್ಟಿತು. ಇಎಂಐ ಅಥವಾ ಅವಧಿ ಆ ಹಿಂದೆಯೇ ಓಡಿತು. ಆದರೆ ಕಡಿಮೆಯಾದದ್ದು ರೆಪೋದಿಂದ ನಿಮ್ಮ ಸಾಲದವರೆಗಿನ ದಾರಿ ಮಾತ್ರ. ನಿಮ್ಮ ಜೇಬಿನಿಂದ ಮಾರುಕಟ್ಟೆಯ ಬೆಲೆಯವರೆಗಿನ ದಾರಿ ಇದ್ದಷ್ಟೇ ಉದ್ದ ಇದೆ, ಅಂಕಿಗಳೂ ಇನ್ನೂ ಎರಡು ತಿಂಗಳು ತಡವಾಗಿಯೇ ಬರ್ತವೆ. ರಿಸರ್ವ್ ಬ್ಯಾಂಕ್ ಅಂದಾಜು ತಪ್ಪಿದರೆ ಆ ತಪ್ಪೂ ಈಗ ಬೇಗ ಮನೆ ಬಾಗಿಲಿಗೆ ಬರುತ್ತೆ. ನಿಮ್ಮದು 2019ಕ್ಕೂ ಹಿಂದಿನ ಸಾಲವಾಗಿದ್ದು ಇನ್ನೂ ಬದಲಿಸಿಲ್ಲದಿದ್ದರೆ, ಅದು ಎಂಸಿಎಲ್‌ಆರ್ ಅಥವಾ ಬೇಸ್ ರೇಟ್‌ಗೇ ಅಂಟಿಕೊಂಡಿರಬಹುದು. ಮಂಜೂರಾತಿ ಪತ್ರದಲ್ಲಿ ಯಾವ ದರಕ್ಕೆ ಕಟ್ಟಿದ್ದಾರೆ, ರೀಸೆಟ್ ಎಷ್ಟು ತಿಂಗಳಿಗೊಮ್ಮೆ ಅಂತ ಎರಡು ಸಾಲು ಇರುತ್ತೆ. ರೆಪೋ ಬದಲಾದ ಸುದ್ದಿ ನಿಮ್ಮ ಇಎಂಐ ಮುಟ್ಟೋಕೆ ಎಷ್ಟು ತಿಂಗಳು ಬೇಕು ಅನ್ನೋದು ಅಲ್ಲೇ ಬರೆದಿದೆ.